ತೊಟ್ಟಿಲ ಮುಂದೆ ಎರಡು ಮಾತು

ಎಲ್ಲರಿಗೂ ಶರಣು.

ಕೂಸು ಈಗಷ್ಟೇ ಹಾಲು ಕುಡಿದು ಕಣ್ಣು ಮುಚ್ಚಿದೆ. ಅದು ಏಳುವುದರೊಳಗೆ ಮುಗಿಸುತ್ತೇನೆ. ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿ ಇದು, ಜಾಸ್ತಿ ಓಡಿದರೆ ಯಾರಾದರೂ ಗಂಟೆ ಬಾರಿಸಿಬಿಡಿ.

ಮೊದಲು ಸೇಡಂನ ಬೀಗರಿಗೆ ಒಂದು ಮಾತು. ಎಳ್ಳಮಾವಾಸ್ಯೆ ಮುಗಿದು ವಾರವೂ ಆಗಿಲ್ಲ. ಹೊಲದಲ್ಲಿ ತೊಗರಿ ಒಣಗಿ ನಿಂತಿದೆ, ರಾಶಿ ಮಾಡುವ ಮಂದಿ ಸಿಗುತ್ತಿಲ್ಲ. ಅಂಥದ್ದರಲ್ಲಿ ಕಲಬುರಗಿಯಿಂದ ಎರಡು ಕ್ರೂಸರ್ ತುಂಬಿ ಬಂದ ನಮಗೆಲ್ಲ ಬೆಳಿಗ್ಗೆ ಚಹಾ, ಸುಸಲಾ, ಈಗ ಹೋಳಿಗೆ ಊಟ. ಒಳಗೆ ಗುಗ್ಗರಿ ಕುದಿಯುತ್ತಿರುವ ವಾಸನೆ ಇಲ್ಲಿಯವರೆಗೆ ಬರುತ್ತಿದೆ. ಹದಿಮೂರು ದಿನದಿಂದ ಸವಿತಾಳ ಅವ್ವ ಬಾಣಂತಿಗೆ ನೀರು ಹಾಕಿ, ಕೂಸಿಗೆ ಎಣ್ಣೆ ತಿಕ್ಕಿ, ರಾತ್ರಿಯೆಲ್ಲ ಕೂತಿದ್ದಾರೆ. ಅವರ ಕಣ್ಣು ನೋಡಿದರೆ ಗೊತ್ತಾಗುತ್ತದೆ. ತಂಗಿ, ನಿನಗೆ ಮೊದಲು ಕೈ ಮುಗಿಯುತ್ತೇನೆ.

ಈಗ ಹೆಸರಿನ ವಿಷಯ.

ನಿಮಗೆಲ್ಲ ನಾನು ಕಸ್ತೂರಿಬಾಯಿ. ಇಲ್ಲಿರುವ ಸಣ್ಣವರಿಗೆ ಬೇರೆ ಹೆಸರೇ ಗೊತ್ತಿಲ್ಲ. ಆದರೆ ನಾನು ಹುಟ್ಟಿದಾಗ ಅವ್ವ ನನ್ನ ತೊಟ್ಟಿಲ ಮುಂದೆ ಇಟ್ಟ ಹೆಸರು ಮಹಾದೇವಿ. ಎಸ್ಸೆಸ್ಸೆಲ್ಸಿ ಪಾಸಾದವಳು ಮಹಾದೇವಿ, ಟಿ.ಸಿ.ಎಚ್. ಮಾಡಿದವಳು ಮಹಾದೇವಿ. 1979ರಲ್ಲಿ ಮದುವೆ ಆಯಿತು. ಮದುವೆ ಮನೆಯಲ್ಲಿ ಒಂದು ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ ನಮ್ಮವರ ಮುಂದೆ ಇಟ್ಟರು. ಅವರು ಬೆರಳಿನ ಉಂಗುರದಿಂದ ಅಕ್ಕಿಯ ಮೇಲೆ ಏನೋ ಬರೆದರು. ನಾನು ಎದುರಿಗೆ ಕೂತಿದ್ದೆ. ಅಕ್ಷರ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಒಂದೊಂದೇ ಕೂಡಿಸಿ ಓದಿದೆ. ಕ, ಸ್ತೂ, ರಿ. ಯಾರೋ ಹುಡುಗಿಯ ಹೆಸರು ಅಂದುಕೊಂಡೆ, ನೋಡಿ! ನನ್ನದೇ ಅಂತ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ‘ಏನಂತ ಬರದಾರ?’ ಅಂತ ನನ್ನನ್ನೇ ಕೇಳಿದಳು. ಆಮೇಲೆ ತಟ್ಟೆ ಅಲ್ಲಾಡಿಸಿದರು, ಅಕ್ಕಿ ಸಪಾಟಾಯಿತು. ಹೆಸರು ಮಾತ್ರ ಮೈಗೆ ಅಂಟಿಕೊಂಡಿತು.

ನಮ್ಮವರನ್ನು ದೂರುತ್ತಿಲ್ಲ. ಒಳ್ಳೆಯ ಮನುಷ್ಯ, ನನ್ನನ್ನು ನೌಕರಿಗೆ ಕಳಿಸಿದವರೇ ಅವರು. ರೂಢಿ ಹಾಗಿತ್ತು, ಅವರೂ ಮಾಡಿದರು. ಕೇಳಬೇಕು ಅಂತ ಅವರಿಗೂ ಹೊಳೆಯಲಿಲ್ಲ, ಬೇಡ ಅನ್ನಬಹುದು ಅಂತ ನನಗೂ ಹೊಳೆಯಲಿಲ್ಲ. ಮೆಲ್ಲಗೆ ತವರಿನಲ್ಲೂ ಎಲ್ಲರೂ ಕಸ್ತೂರಿ ಅಂತಲೇ ಕರೆಯತೊಡಗಿದರು. ಅವ್ವ ಒಬ್ಬಳು ಮಾತ್ರ ಸಾಯುವ ತನಕ ‘ಮಾದೇವಿ’ ಅಂತಲೇ ಕೂಗಿದಳು, ಬೈದರೂ ಅದೇ ಹೆಸರಿನಿಂದ.

ಶಾಲೆಯ ಹಾಜರಿ ಪುಸ್ತಕದಲ್ಲಿ ಮಹಾದೇವಿ ಉಳಿದಳು, ಯಾಕೆಂದರೆ ಮಾರ್ಕ್ಸ್ ಕಾರ್ಡಿನಲ್ಲಿ ಅದೇ ಇತ್ತು. ದಿನಾ ಬೆಳಿಗ್ಗೆ ಆ ಹೆಸರಿಗೆ ಸಹಿ ಹಾಕುತ್ತಿದ್ದೆ. ಆದರೆ ಬಾಯಿಂದ ಕರೆಯುವವರು ಯಾರು? ಮಕ್ಕಳು ‘ಅಕ್ಕೋರೆ’ ಅನ್ನುತ್ತಿದ್ದವು. ಇತ್ತ ರೇಷನ್ ಕಾರ್ಡು, ಓಟರ್ ಲಿಸ್ಟು, ಆಮೇಲೆ ಆಧಾರ್, ಎಲ್ಲದರಲ್ಲೂ ಕಸ್ತೂರಿಬಾಯಿ. 2020ರಲ್ಲಿ ನಿವೃತ್ತಿ ಆಯಿತು. ಪಿಂಚಣಿ ಕಾಗದ ಹಿಡಿದು ಒಂದು ಕಚೇರಿಗೆ ಹೋದೆ. ಗುಮಾಸ್ತ ಎರಡೂ ಕಾಗದ ನೋಡಿ, ‘ಈ ಕಸ್ತೂರಿಬಾಯಿ ಯಾರ್ರೀ? ಕರಕೊಂಡು ಬರ್ರಿ’ ಅಂದ. ‘ನಾನೇ ಅಪ್ಪಾ’ ಅಂದೆ. ‘ಹಂಗಾದ್ರ ಮಹಾದೇವಿ ಯಾರು?’

ನಗಬೇಡಿ. ಎಂಟು ತಿಂಗಳು ಓಡಾಡಿದೆ. ಇಬ್ಬರೂ ಒಬ್ಬಳೇ ಅಂತ ಸ್ಟಾಂಪ್ ಪೇಪರಿನಲ್ಲಿ ಬರೆಸಿ, ಪೇಪರಿಗೆ ಜಾಹೀರಾತು ಕೊಟ್ಟೆ. ನಮ್ಮ ಭಾಗದಲ್ಲಿ ಊರುಗಳ ಹೆಸರೂ ಬದಲಾಗಿವೆ. ಇಲ್ಲೇ ಪಕ್ಕದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಜನರ ಬಾಯಲ್ಲಿ ಸವೆದು ಮಳಖೇಡ ಆಯಿತು. ಗುಲ್ಬರ್ಗ 2014ರ ನವೆಂಬರ್ 1ಕ್ಕೆ ಅಧಿಕೃತವಾಗಿ ಕಲಬುರಗಿ ಆಯಿತು. ಆದರೆ ಊರಿನ ಹೆಸರು ಬದಲಾದರೆ ಸರ್ಕಾರವೇ ಬೋರ್ಡು ಬರೆಸುತ್ತದೆ. ನಮ್ಮ ಸ್ಟಾಂಪ್ ಪೇಪರಿನ ದುಡ್ಡು ನಾವೇ ಕೊಡಬೇಕು.

ಹೋದ ವಾರ ನನ್ನ ತಮ್ಮನ ಮಗ ಶರಣು ಫೋನ್ ಮಾಡಿದ. ‘ಅತ್ತಿ, ಕೂಸಿಗೆ ಮಹಾದೇವಿ ಅಂತ ಇಡೋಣು ಅಂತ ಇಬ್ಬರೂ ಮಾತಾಡಿಕೊಂಡೀವಿ. ನಡೀತದಾ?’ ಅಂದ. ನಾನು ಆಗ ಗೋಧಿ ಹಸನು ಮಾಡುತ್ತಿದ್ದೆ. ಮೊರ ಕೆಳಗಿಟ್ಟೆ. ಏನು ಹೇಳಿದೆ ಅಂತ ನೆನಪಿಲ್ಲ. ‘ಆಯ್ತು, ಫೋನ್ ಇಡು’ ಅಂದಿರಬೇಕು.

ಆಮೇಲೆ ಹಿರಿಯರೊಬ್ಬರು ತಕರಾರು ತೆಗೆದರು, ಇಲ್ಲೇ ಕೂತಿದ್ದಾರೆ. ಬದುಕಿರುವವರ ಹೆಸರು ಕೂಸಿಗೆ ಇಡಬಾರದಂತೆ. ಕಾಕಾ, ಚಿಂತೆ ಬೇಡ. ಮಹಾದೇವಿ 1979ರಲ್ಲೇ ಹೋದಳು. ನಿಮ್ಮ ಮುಂದೆ ನಿಂತಿರುವವಳು ಕಸ್ತೂರಿಬಾಯಿ. ಆಧಾರ್ ಕಾರ್ಡು ತೋರಿಸಲೇನು?

ಸವಿತಾಳ ತಕರಾರು ಬೇರೆ. ಇವತ್ತು ಬೆಳಿಗ್ಗೆ ಕೂಸಿನ ಕುಂಚಿಗೆ ಕಟ್ಟುತ್ತಾ ಮೆಲ್ಲಗೆ ಕೇಳಿದಳು, ‘ಅತ್ತಿ, ನಾಳೆ ಇಕಿ ಹಟ ಮಾಡಿದ್ರ ನಿಮ್ಮ ಹೆಸರು ಹಿಡದು ಹ್ಯಾಂಗ ಬೈಲಿ?’ ಅಂತ. ಹಿರಿಯರ ಹೆಸರು ಇಟ್ಟ ಮನೆಗಳಲ್ಲಿ ಇದೇ ಪಾಡು, ಅಲ್ವಾ? ಸೊಸೆ ಬಾಯಿಂದ ಅತ್ತೆಯ ಹೆಸರು ಬರುವುದಿಲ್ಲ. ಹಾಗಾಗಿ ಹುಡುಗಿ ಬದುಕಿರುವ ತನಕ ಬೇಬಿ, ಪಾಪು, ಇಲ್ಲವೇ ‘ಏ ಇಕಿ’. ಹೆಸರು ಪೆಟ್ಟಿಗೆಯಲ್ಲಿ ಉಳಿದುಬಿಡುತ್ತದೆ. ಸವಿತಾ, ಧಾರಾಳವಾಗಿ ಬೈ. ಅವ್ವ ಹೋದ ಮೇಲೆ ಆ ಹೆಸರು ಹಿಡಿದು ನನಗೆ ಯಾರೂ ಬೈದಿಲ್ಲ. ಒಳಗೆ ಕೂತು ಕೇಳಿಸಿಕೊಳ್ಳುತ್ತೇನೆ.

ಶರಣು, ಸವಿತಾ, ನೀವಿಬ್ಬರೂ ಓದಿದವರು. ಆದರೂ ಅಕ್ಕೋರ ಚಟ, ಎರಡು ಕೆಲಸ ಹೇಳಿಬಿಡುತ್ತೇನೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ, ಅವರು ಜನನ ನೋಂದಣಿಗೆ ಕಳಿಸಿರಬಹುದು. ಇರಬಹುದು ಅಂತ ಸುಮ್ನೆ ಕೂರಬೇಡಿ. ಇಪ್ಪತ್ತೊಂದು ದಿನದೊಳಗೆ ಆದರೆ ಶುಲ್ಕ ಇಲ್ಲ. ಇವತ್ತಿಗೆ ಹದಿಮೂರು, ಇನ್ನೂ ಎಂಟು ದಿನ ಇದೆ. ಹೆಸರಿಲ್ಲದೆ ನೋಂದಣಿ ಆಗಿದ್ದರೆ, ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ, ಓಟಿಗೆ, ಪಾಸ್‌ಪೋರ್ಟಿಗೆ ಎಲ್ಲಕ್ಕೂ ಈ ಜನನ ಪತ್ರವೇ ಮೂಲ ಕಾಗದ. ಇಂಗ್ಲಿಷಿನಲ್ಲಿ ಹೆಸರು ಬರೆಸುವಾಗ ಶರಣು ನೀನೇ ಎದುರಿಗೆ ನಿಂತು ಒಂದೊಂದು ಅಕ್ಷರ ನೋಡು. ನಮ್ಮ ಕಡೆ ಮಹಾದೇವಿ, ಮಹಾದೇವಮ್ಮ, ಮಾದೇವಿ ಎಲ್ಲ ಒಂದೇ. ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಹೆಂಗಸರು.

ಎರಡನೆಯದು ಇಲ್ಲಿ ಸೇರಿರುವ ಎಲ್ಲರಿಗೂ. ಇವತ್ತು ಈ ಹೆಸರು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ, ಅಂದರೆ ನೀವು ಸಾಕ್ಷಿ. ಓಣಿಯವರು, ಬೀಗರು, ಅಂಗನವಾಡಿ ಅಕ್ಕ, ಬಾಗಿಲಲ್ಲಿ ನಿಂತ ಹುಡುಗರು, ಎಲ್ಲರೂ. ಮುಂದೆ ಒಂದು ದಿನ ಈ ಹುಡುಗಿಯ ಮದುವೆ ಆಗುತ್ತದೆ, ಅದು ಅವಳಿಗೆ ಬೇಕು ಅನ್ನಿಸಿದರೆ. ಆಗ ಯಾರಾದರೂ ತಟ್ಟೆಯಲ್ಲಿ ಅಕ್ಕಿ ತಂದು ಉಂಗುರ ಬಿಚ್ಚಿದರೆ, ನಾನಂತೂ ಇರುವುದಿಲ್ಲ. ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು ‘ಇಕಿಗೆ ಹೆಸರು ಅದ’ ಅನ್ನಬೇಕು. ಅಕ್ಕಿಯ ಮೇಲೆ ಬರೆಯಲೇಬೇಕು ಅನ್ನಿಸಿದರೆ ಮಹಾದೇವಿ ಅಂತಲೇ ಬರೆಯಲಿ. ಅಕ್ಷರ ಅವಳ ಕಡೆಗೆ ನೆಟ್ಟಗೆ ಕಾಣುವ ಹಾಗೆ.

ನಮ್ಮ ಅಕ್ಕಮಹಾದೇವಿ ಶಿವಮೊಗ್ಗ ಕಡೆಯ ಉಡುತಡಿಯಿಂದ ನಮ್ಮ ಬೀದರ ಜಿಲ್ಲೆಯ ಕಲ್ಯಾಣಕ್ಕೆ ನಡೆದು ಬಂದಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವಳಿಗೆ ಕೇಳಿದ್ದು ಅವಳ ಗಂಡನ ಕುರುಹು. ಅಷ್ಟು ದೊಡ್ಡವರೂ ಮೊದಲು ಅದನ್ನೇ ಕೇಳಿದರು! ಚೆನ್ನಮಲ್ಲಿಕಾರ್ಜುನನೇ ಗಂಡ ಅಂತ ಅವಳು ಉತ್ತರ ಕೊಟ್ಟಳು. ಹೆಸರು ಮಾತ್ರ ಅವಳದೇ ಉಳಿಯಿತು. ಎಂಟುನೂರು ವರ್ಷ ದಾಟಿತು, ಇವತ್ತಿಗೂ ನಾವು ಅದೇ ಹೆಸರಿನಿಂದ ಕರೆಯುತ್ತೇವೆ.

ಇನ್ನು ಕೂಸಿಗೆ. ಮಹಾದೇವಿ, ನಿನಗೆ ಶರಣಬಸವಪ್ಪನ ಆಶೀರ್ವಾದ ಇರಲಿ. ಕೆಂಡದಂಥ ಬಿಸಿಲಿನ ಊರಲ್ಲಿ ಹುಟ್ಟಿದ್ದೀಯ, ಚಳಿಗಾಲ ನೋಡಿ ಬಂದಿದ್ದೀಯ, ಜಾಣೆ. ಚೆನ್ನಾಗಿ ಉಣ್ಣು. ಜೋಳದ ರೊಟ್ಟಿ ಬಡಿಯಲು ಬಾರದಿದ್ದರೂ ನಡೆಯುತ್ತದೆ, ತಿನ್ನಲು ಬರಲಿ. ಓದು. ನಿಮ್ಮ ಮುತ್ಯಾ, ಅಂದರೆ ನನ್ನ ತಮ್ಮ, ನಿನ್ನ ಹೆಗಲ ಮೇಲೆ ಹೊರುತ್ತೇನೆ ಅಂತ ಕುಣಿಯುತ್ತಿದ್ದಾನೆ. ಅವನ ಮೊಣಕಾಲು ಸರಿ ಇಲ್ಲ, ಸ್ವಲ್ಪ ನಿಧಾನ. ನನ್ನ ಹತ್ತಿರ ಒಂದು ಹಳೆಯ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದೆ. ಮಡಿಕೆಯಲ್ಲಿ ಹರಿದಿದೆ, ಲೆಕ್ಕದಲ್ಲಿ ಮಾರ್ಕು ಕಡಿಮೆ. ನೀನು ಹತ್ತನೆಯ ತರಗತಿ ದಾಟಿದ ದಿನ ಅದನ್ನು ಸವಿತಾ ನಿನ್ನ ಕೈಗೆ ಕೊಡುತ್ತಾಳೆ. ನಿನ್ನದರ ಪಕ್ಕ ಇಟ್ಟು ನೋಡು, ಹೆಸರು ಒಂದೇ ಇರುತ್ತದೆ. ಮಾರ್ಕು ಒಂದೇ ಇರಬಾರದು.

ನೋಡಿ, ಕಣ್ಣು ಬಿಟ್ಟಳು. ಸಾಕು.

ಮುತ್ತೈದೆಯರೆಲ್ಲ ಬನ್ನಿ. ಗುಂಡಪ್ಪನಿಗೆ ಕುಂಚಿಗೆ ಕಟ್ಟಿ ಆಯಿತೇ? ಆ ಬದಿಗೆ ಇಬ್ಬರು, ಈ ಬದಿಗೆ ಇಬ್ಬರು ನಿಂತು ತೊಟ್ಟಿಲ ಕೆಳಗಿಂದ ದಾಟಿಸಿ. ಕಲ್ಲು ಜಾರೀತು, ಕೆಳಗೆ ಫರಸಿ ಇದೆ. ಸೋದರತ್ತೆ ಎಲ್ಲಿ? ಬಾರವ್ವ, ಇಲ್ಲಿ ಬಗ್ಗು. ಕೂಸಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಅನ್ನು, ಆಮೇಲೆ ಹೆಸರು ಹೇಳು. ಪೂರಾ ಹೆಸರು, ಮೂರು ಸಲ. ಬೆನ್ನಿಗೆ ಗುದ್ದುವವರು ಸ್ವಲ್ಪ ಮೆಲ್ಲಗೆ, ಹೋದ ತಿಂಗಳಷ್ಟೇ ಅವಳು ಸೊಂಟ ಹಿಡಿದು ಮಲಗಿದ್ದಳು. ಹಾಡುವವರು ಶುರು ಮಾಡಿ. ಗುಗ್ಗರಿ ಎಲ್ಲರ ಉಡಿಗೂ ಬರುತ್ತದೆ, ಯಾರೂ ಏಳಬೇಡಿ.