ಬುಗುರಿ ಡಬ್ಬಿಯ ಚಿತ್ರ: ತಿದ್ದುಪಡಿ ಸುತ್ತುಗಳ ಬಗ್ಗೆ

ನಮಸ್ಕಾರ ಮೇಡಂ,

ಚನ್ನಪಟ್ಟಣದ ಬುಗುರಿ ಡಬ್ಬಿಯ ಚಿತ್ರಕ್ಕೆ ಮಾತಾಡಿಕೊಂಡಂತೆ ಮೂರು ಸುತ್ತು ತಿದ್ದುಪಡಿ ಇದೆ. ಮೊದಲು ಜೋಡಣೆ, ಆಮೇಲೆ ಬಣ್ಣ, ಬೆಳಕು. ಕೊನೆಯದರಲ್ಲಿ ನಾನು ಕೈಯಲ್ಲೇ ತಿದ್ದುವ ಸಣ್ಣಪುಟ್ಟದ್ದು. ನಾಲ್ಕನೆಯದಾದರೆ 1,500 ರೂಪಾಯಿ.

ನೀವು ಕಳಿಸಿದ ಆರು ಫೋಟೊ ಇಟ್ಟುಕೊಂಡೇ ಎಐಗೆ ಪ್ರಾಂಪ್ಟ್ ಬರೆಯುತ್ತಿದ್ದೇನೆ. "ಇನ್ನೂ ಸ್ವಲ್ಪ ಜೀವ ಬೇಕು" ಅಂದರೆ ನನಗೆ ಅರ್ಥವಾದೀತು, ಆದರೆ ಪ್ರಾಂಪ್ಟಿನಲ್ಲಿ ಏನು ಬದಲಿಸಲಿ? ಮೊನ್ನೆ "ಎರಡನೇ ಫೋಟೊದ ಕಿಟಕಿ ಬೆಳಕು ಇರಲಿ, ಅರಗು ಪ್ಲಾಸ್ಟಿಕ್ ಥರ ಕಾಣ್ತಿದೆ" ಎಂದಿರಲ್ಲ, ಅದು ಕೆಲಸಕ್ಕೆ ಬಂತು. "ಹೊಳಪು" ಎಂಬ ಪದ ತೆಗೆದು "ಮರದ ಮೇಲೆ ತೆಳು ಅರಗು, ಪಕ್ಕದಿಂದ ಮೃದು ಬೆಳಕು" ಎಂದು ಹಾಕಿದೆ. ಬೇಡದ್ದನ್ನು ಹೇಳುವಾಗ ಅದರ ಜಾಗದಲ್ಲಿ ಏನಿರಬೇಕು, ಯಾವ ಫೋಟೊದಲ್ಲಿದೆ ಅಂತಲೂ ಬರೆಯಿರಿ.

ನಿಮ್ಮ ಪಾಲುದಾರರ ಮಾತೂ ಸೇರಿಸಿ ಶುಕ್ರವಾರದೊಳಗೆ ಒಂದೇ ಮೇಲ್ ಕಳಿಸಿ.

ಇಂತಿ,
ನಿಮ್ಮ ಚಿತ್ರಕಾರ