ಅಪ್ಪನ ಅರವತ್ತಕ್ಕೆ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಎಲೆ ಹಾಕುವ ಮುಂಚೆ ಎರಡು ನಿಮಿಷ ಮಾತಾಡು ಅಂತ ಚಿಕ್ಕಪ್ಪ ಹೇಳಿದ್ದಾರೆ. ಸ್ವಲ್ಪ ಜಾಸ್ತಿ ಆದ್ರೂ ಕೇಳಿಸಿಕೊಳ್ಳಿ, ಅವರೆಕಾಳು ಸಾರು ಇನ್ನೂ ಒಲೆ ಮೇಲೇ ಇದೆ, ಆರಲ್ಲ. ಅಜ್ಜಿ, ನೀವು ಮುಂದೆ ಬಂದು ಅಪ್ಪನ ಪಕ್ಕ ಕೂತ್ಕೊಳ್ಳಿ. ಅಪ್ಪ, ನೀವು ಎದ್ದು ಹೋಗಬೇಡಿ. ನಿಮ್ಮ ಬಗ್ಗೆ ಯಾರಾದ್ರೂ ಒಳ್ಳೆ ಮಾತು ಶುರು ಮಾಡಿದ ತಕ್ಷಣ ನಿಮಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತೆ. ಇವತ್ತು ಬೇಡ.

ಅಪ್ಪನಿಗೆ ಇವತ್ತು 60 ತುಂಬಿತು. ಈ ತಿಂಗಳ 31ಕ್ಕೆ ಡ್ಯೂಟಿಯೂ ಮುಗಿಯುತ್ತದೆ. 1992ರಲ್ಲಿ ಕೆಎಸ್‌ಆರ್‌ಟಿಸಿಗೆ ಡ್ರೈವರ್ ಆಗಿ ಸೇರಿದವರು. ಜಾಸ್ತಿ ವರ್ಷ ಓಡಿಸಿದ್ದು ಹಾಸನ–ಮಂಗಳೂರು. ನಮ್ಮ ಮನೆಯಲ್ಲಿ ಆ ದಾರಿಯ ಊರುಗಳು ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ ಆಗಿದ್ದವು. ಯಾಕೆ ಅಂದ್ರೆ ರಾತ್ರಿ ಹಾಸಿಗೆ ಹಾಸುವಾಗ ಅಮ್ಮ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು, "ಅಪ್ಪ ಈಗ ಎಲ್ಲಿದ್ದಾರೆ?" ನಾನೂ ತಮ್ಮನೂ ಗಡಿಯಾರ ನೋಡಿ ಹೇಳಬೇಕು. ಒಂಬತ್ತಾಗಿದ್ದರೆ ಗುಂಡ್ಯ. ಹತ್ತಾಗಿದ್ದರೆ ಮಾರನಹಳ್ಳಿ. ಹತ್ತೂವರೆಗೆ ಸಕಲೇಶಪುರ. ಸಕಲೇಶಪುರ ಬಂತು ಅಂದ್ರೆ ಘಾಟಿ ಮುಗೀತು, ಇನ್ನು ಮಲಗಿ ಅನ್ನುತ್ತಿದ್ದಳು. ತಾನು ಮಾತ್ರ ಗೇಟಿನ ಚಿಲಕದ ಸದ್ದು ಕೇಳುವವರೆಗೂ ಮಲಗುತ್ತಿರಲಿಲ್ಲ. ಇದು ಅಪ್ಪನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ ಅನಿಸುತ್ತೆ, ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು.

ಚಿಕ್ಕವಳಿದ್ದಾಗ ಅಪ್ಪನ ಮೇಲೆ ನನಗೆ ಒಂದು ಸಿಟ್ಟಿತ್ತು. ಹಬ್ಬದ ದಿನ ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಯುಗಾದಿ, ಗೌರಿ ಗಣೇಶ, ದೀಪಾವಳಿ, ಯಾವುದೇ ಇರಲಿ, ಎಲ್ಲರೂ ಊರಿಗೆ ಹೋಗುವ ದಿನ ಎಕ್ಸ್‌ಟ್ರಾ ಬಸ್ಸು ಬಿಡುತ್ತಾರೆ, ಅದನ್ನು ಯಾರೋ ಒಬ್ಬರು ಓಡಿಸಲೇಬೇಕು ಅಲ್ವಾ. ಹಾಗಾಗಿ ನಮ್ಮ ಮನೆ ಹಬ್ಬ ಯಾವಾಗಲೂ ಮಾರನೇ ದಿನ. ಪಕ್ಕದ ಮನೆಯವರ ಬಾಗಿಲಲ್ಲಿ ತೋರಣ ಬಾಡಿರುತ್ತಿತ್ತು, ನಮ್ಮ ಅಮ್ಮ ಆಗ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದಳು. ಒಂದು ದೀಪಾವಳಿಗೆ ನಾನು ಅಪ್ಪನ ಹತ್ತಿರ ಜಗಳ ಆಡಿದೆ, ನಿಮಗೆ ನಾವು ಮುಖ್ಯನಾ ಬಸ್ಸು ಮುಖ್ಯನಾ ಅಂತ. ಅವರು ಬೈಯಲಿಲ್ಲ. ಪಟಾಕಿ ಬಾಕ್ಸ್ ನನ್ನ ಕೈಗೆ ಕೊಟ್ಟು, "ನಿನ್ನೆ ನನ್ನ ಬಸ್ಸಲ್ಲಿ ಐವತ್ತು ಜನ ಇದ್ದರು ಮಗಾ, ಅವರ ಮನೇಲೂ ನಿನ್ನಂಥ ಮಕ್ಕಳು ಕಾಯ್ತಾ ಇದ್ದರು" ಅಂದರು. ಆಗ ನನಗೆ ಅರ್ಥ ಆಗಲಿಲ್ಲ. ಈಗ ನಾನು ಬೆಂಗಳೂರಿಂದ ಹಬ್ಬಕ್ಕೆ ಬರುವಾಗ, ರಾತ್ರಿ ಎಲ್ಲರೂ ನಿದ್ದೆ ಹೋದ ಮೇಲೆ ಮುಂದೆ ಡ್ರೈವರ್ ಒಬ್ಬರೇ ಎದ್ದಿರುವುದನ್ನು ನೋಡ್ತೀನಿ. ಇಳಿಯುವಾಗ ಅವರಿಗೆ ಹಬ್ಬದ ಶುಭಾಶಯ ಹೇಳದೆ ಇಳಿಯಲ್ಲ.

ಅಪ್ಪನ ಎಡಗೈ ನೋಡಿದ್ದೀರಾ? ತೋರಿಸಿ ಅಪ್ಪ, ಪರವಾಗಿಲ್ಲ. ಅಂಗೈ ನಡುವೆ, ಹೆಬ್ಬೆರಳಿನ ಬುಡದ ಹತ್ತಿರ, ಗೇರ್ ರಾಡಿನ ಗುಂಡು ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿ ಎಂಟಾಣೆ ಅಗಲ ಜಡ್ಡು ಕಟ್ಟಿದೆ. ಶಾಲೆಗೆ ಕರೆದುಕೊಂಡು ಹೋಗುವಾಗ ನಾನು ಹಿಡಿಯುತ್ತಿದ್ದದ್ದು ಆ ಕೈ. ರಸ್ತೆ ದಾಟುವಾಗ ಹೆದರಿಕೆ ಆದರೆ ಆ ಜಡ್ಡನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದೆ. ನನ್ನ ಮದುವೆ ದಿನ ಧಾರೆ ಎರೆಯುವಾಗಲೂ ಸುಮ್ನೆ ಒಂದ್ಸಲ ಮುಟ್ಟಿ ನೋಡಿದ್ದೆ, ಹಾಗೇ ಇತ್ತು.

ಇನ್ನೊಂದು ವಿಷಯ ಹೇಳಲೇಬೇಕು, ಅಪ್ಪ ಇದನ್ನು ಮನೆಯಲ್ಲಿ ಯಾವತ್ತೂ ಹೇಳಿಲ್ಲ. 2018ರ ಆಗಸ್ಟ್‌ನಲ್ಲಿ ಹುಚ್ಚು ಮಳೆ ಬಂದು ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತಲ್ಲ, ಅದಕ್ಕೆ ಸ್ವಲ್ಪ ದಿನ ಮುಂಚೆ ಒಂದು ಸಂಜೆ ಅಪ್ಪ ಘಾಟಿ ಇಳಿಯುತ್ತಿದ್ದರಂತೆ. ಒಂದು ತಿರುವಿನಲ್ಲಿ ಗುಡ್ಡದಿಂದ ಬರುತ್ತಿದ್ದ ನೀರು ಕೆಂಪಗಾಗಿದ್ದು ಕಂಡಿದೆ. ಬಸ್ಸು ನಿಲ್ಲಿಸಿಬಿಟ್ಟರು. ಒಳಗಿದ್ದವರು ಕೂಗಾಡಿದರಂತೆ. ಒಬ್ಬರಿಗೆ ಮಂಗಳೂರಲ್ಲಿ ರೈಲು ಹಿಡಿಯಬೇಕಿತ್ತು, ಇನ್ನೊಬ್ಬರು ಕಂಪ್ಲೇಂಟ್ ಕೊಡ್ತೀನಿ ಅಂತ ಬಸ್ ನಂಬರ್ ಬರೆದುಕೊಂಡರಂತೆ. ಅಪ್ಪ ಜಗಳಕ್ಕೆ ಹೋಗಲಿಲ್ಲ, ಇಂಜಿನ್ ಆಫ್ ಮಾಡಿ ಕೂತರು. ಅರ್ಧ ಗಂಟೆ ಆಗಿಲ್ಲ, ಎದುರಿಂದ ನಡೆದುಕೊಂಡು ಬಂದ ಲಾರಿಯವರೊಬ್ಬರು ಮುಂದೆ ಮಣ್ಣು ಮರ ಎಲ್ಲಾ ರಸ್ತೆ ಮೇಲೆ ಬಿದ್ದಿದೆ ಅಂದರು. ಇದನ್ನು ನನಗೆ ಹೇಳಿದ್ದು ಅವತ್ತು ಜೊತೆಗಿದ್ದ ಕಂಡಕ್ಟರ್ ಅಂಕಲ್. ಅಗೋ, ಕಿಟಕಿ ಹತ್ತಿರ ಕೂತಿದ್ದಾರೆ. ಆ ಬಸ್ಸಲ್ಲಿ ಒಂದು ಹಸುಗೂಸು ಇತ್ತಂತೆ, ಚಳಿಗೆ ಅಳುತ್ತಿತ್ತಂತೆ, ಅಪ್ಪ ತಮ್ಮ ಕಂಬಳಿ ಕೊಟ್ಟಿದ್ದರು. ಅದು ವಾಪಸ್ ಬರಲಿಲ್ಲ. ಮಾರನೇ ದಿನ ಮನೆಗೆ ಬಂದು ಅಪ್ಪ ಹೇಳಿದ್ದು ಇಷ್ಟೇ: "ಬಿಸಿನೀರು ಇದ್ಯಾ? ಕಂಬಳಿ ಎಲ್ಲೋ ಕಳೆದುಹೋಯ್ತು." ಕಂಬಳಿ ಕಳೆದಿದ್ದಕ್ಕೆ ಅಮ್ಮ ಎರಡು ದಿನ ಬೈದಿದ್ದಳು. ಅಮ್ಮ, ಈಗ ಗೊತ್ತಾಯ್ತಲ್ಲ.

ಅಪಘಾತ ಮಾಡದೆ ಓಡಿಸಿದ್ದಕ್ಕೆ ಬಂದ ಬೆಳ್ಳಿ ಪದಕ ಬೀರುವಿನಲ್ಲಿ, ನನ್ನ ಜಾತಕದ ಕೆಳಗೆ ಇತ್ತು. ತಮ್ಮ ಇವತ್ತು ಅದನ್ನು ತೆಗೆದು ದೇವರ ಫೋಟೋ ಪಕ್ಕ ಇಟ್ಟಿದ್ದಾನೆ, ಊಟ ಆದಮೇಲೆ ಎಲ್ಲರೂ ನೋಡಿ.

ಅಪ್ಪ, ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೆ ಒಂದೇ ಸಲ, ಆಶ್ವಯುಜದಲ್ಲಿ, ಅದೂ ಕೆಲವೇ ದಿನ. ಆ ದಿನಗಳಲ್ಲಿ ನೀವು ಊರೂರಿಂದ ಜನರನ್ನು ತುಂಬಿಕೊಂಡು ಬಂದು ಹಾಸನಕ್ಕೆ ಇಳಿಸಿದ್ದೀರಿ. ಅವರೆಲ್ಲ ದರ್ಶನದ ಸಾಲಿಗೆ ಓಡುತ್ತಿದ್ದರು, ನೀವು ಮುಂದಿನ ಟ್ರಿಪ್ಪಿಗೆ ಬಸ್ಸು ತಿರುಗಿಸುತ್ತಿದ್ರಿ. ಇದೇ ಊರಲ್ಲಿದ್ದೂ ನೀವು ಅಮ್ಮ ಜೊತೆಯಾಗಿ ದರ್ಶನಕ್ಕೆ ಹೋಗಿದ್ದು ನನಗೆ ನೆನಪೇ ಇಲ್ಲ. ಈ ದೀಪಾವಳಿಗೆ ಹೋಗ್ತೀರಿ. ಎಷ್ಟು ಹೊತ್ತಾದರೂ ಸಾಲಲ್ಲಿ ನಿಲ್ಲೋಣ, ನಾನೂ ರಜೆ ಹಾಕಿ ಬರ್ತೀನಿ. ಮನೆಗೆ ಬಂದು ಹಬ್ಬ ಹಬ್ಬದ ದಿನವೇ ಮಾಡೋಣ.

ಈಗ ಎಲ್ಲರೂ ಲೋಟ ತಗೊಳ್ಳಿ. ಊಟಕ್ಕೆ ಮುಂಚೆ ಕಾಫಿ ಯಾಕೆ ಅನ್ನಬೇಡಿ, ಒಂದೊಂದು ಗುಟುಕು ಅಷ್ಟೇ. ಬೆಳಗಿನ ಡ್ಯೂಟಿ ಇದ್ದಾಗೆಲ್ಲ ಅಮ್ಮ ಮೂರು ಗಂಟೆಗೆ ಎದ್ದು ಡಿಕಾಕ್ಷನ್ ಇಳಿಸಿ, ಅಪ್ಪನ ವೈರ್ ಬ್ಯಾಗಲ್ಲಿ ಇಟ್ಟು ಕಳಿಸುತ್ತಿದ್ದಳಲ್ಲ, ಮೂತಿ ಹತ್ತಿರ ನೆಗ್ಗಿದ ಸ್ಟೀಲ್ ಫ್ಲಾಸ್ಕು, ಅದರಿಂದಲೇ ಬಗ್ಗಿಸಿರೋದು. ಅಮ್ಮ, ನೀನೂ ಅಡುಗೆಮನೆಯಿಂದ ಬಾ. ಮೊದಲ ಲೋಟ ನೀನೇ ಎತ್ತಬೇಕು.

ಅಪ್ಪ, ನೂರು ವರ್ಷ ಆರೋಗ್ಯವಾಗಿರಿ. ಎತ್ತಿ ಎಲ್ಲರೂ, ನಮ್ಮ ಅಪ್ಪನಿಗೆ!