ರಕ್ತಹೀನತೆ ಸ್ಲೈಡ್: ಕೊಂಬೆ ಹಿಡಿದು ಇಳಿಯೋಣ

ರಕ್ತಹೀನತೆಯ ಕಾರಣ ಹುಡುಕುವ ದಾರಿ ತೋರಿಸುವ ಈ ಸ್ಲೈಡ್‌ನಲ್ಲಿ ಬಾಣಗಳು ಜಾಸ್ತಿ ಇವೆ ಅಂತ ಹೆದರಬೇಡಿ. ಪುಣೆಗೆ ಬಂದ ಮೊದಲ ವರ್ಷ ನಾನೂ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ವಾರ್ಡಿನಲ್ಲಿ ಒಂದು ದಿನವೂ ಕೆಲಸಕ್ಕೆ ಬರಲಿಲ್ಲ. ಇವತ್ತು ಒಂದು ರಿಪೋರ್ಟ್ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಇಳಿಯೋಣ.

ಪಿಂಪ್ರಿಯಿಂದ ಬಂದ 26 ವರ್ಷದ ಸಿಂಧಿ ಹೆಣ್ಣುಮಗಳು. ಮದುವೆಯಾಗಿ ಆರು ತಿಂಗಳು. ಸುಸ್ತು ಅಂತ ಒಂದು ಕ್ಲಿನಿಕ್‌ಗೆ ಹೋದಾಗ ಮೂರು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಹಿಮೋಗ್ಲೋಬಿನ್ ಆಗಲೂ 10.9, ಈಗಲೂ 10.9.

ಮೊದಲ ಪ್ರಶ್ನೆ: ರಕ್ತಹೀನತೆ ಇದೆಯಾ? ಹಿಮೋಗ್ಲೋಬಿನ್ ಮಿತಿ ಡೆಸಿಲೀಟರಿಗೆ ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಯರಿಗೆ 11 ಗ್ರಾಂ. ಅದಕ್ಕಿಂತ ಕಡಿಮೆ ಇದ್ದರೆ ಹೌದು. ಇವರಿಗೆ ಇದೆ.

ಎರಡನೆಯದು ಕೆಂಪುಕಣದ ಗಾತ್ರ, ಅಂದರೆ ಎಂಸಿವಿ. 80ರಿಂದ 100 ಸಾಮಾನ್ಯ. ಇವರದು 62. ಹಾಗಾಗಿ ಎಡಗಡೆಯ ಕೊಂಬೆ, ಸಣ್ಣ ಕಣ.

ಇಲ್ಲೇ ಎಲ್ಲರೂ ಎಡವುವುದು. ಕಣ ಸಣ್ಣದಾದರೆ ಕಬ್ಬಿಣ ಕಡಿಮೆ ಅಂತ ಬರೆದು ಮುಗಿಸುತ್ತಾರೆ. ಪಕ್ಕದ ಸಾಲು ನೋಡಿ: ಕೆಂಪುಕಣದ ಸಂಖ್ಯೆ, ಅಂದರೆ ಆರ್‌ಬಿಸಿ, ಮೈಕ್ರೋಲೀಟರಿಗೆ 5.7 ಮಿಲಿಯನ್. ಕಬ್ಬಿಣವಿಲ್ಲದ ಮಜ್ಜೆ ಇಷ್ಟೊಂದು ಕಣ ಎಲ್ಲಿಂದ ತರುತ್ತದೆ? ಮೆಂಟ್ಜರ್ ಲೆಕ್ಕ ಹಾಕಿ:

`MCV ÷ RBC = 62 ÷ 5.7 ≈ 10.9`

13ಕ್ಕಿಂತ ಕಡಿಮೆ ಬಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ ಥಲಸ್ಸೀಮಿಯಾದ ವಾಹಕ ಇರಬಹುದು, ಜಾಸ್ತಿ ಬಂದರೆ ಕಬ್ಬಿಣದ ಕೊರತೆ. ಇದು ಬರೀ ಸುಳಿವು, ತೀರ್ಪಲ್ಲ. ಕಣಗಳ ಗಾತ್ರ ಎಷ್ಟು ಏರುಪೇರು ಅಂತ ತೋರಿಸುವ ಆರ್‌ಡಿಡಬ್ಲ್ಯೂ 14.5 ಮಾತ್ರ, ಕಬ್ಬಿಣ ಕಡಿಮೆಯಾದಾಗ ಕಣಗಳು ಚಿಕ್ಕದು ದೊಡ್ಡದು ಬೆರೆತು ಇದು ಸಾಮಾನ್ಯವಾಗಿ ಏರುತ್ತದೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ 48, ಉರಿಯೂತ ತೋರಿಸುವ ಸಿಆರ್‌ಪಿ ಸರಿ ಇದೆ. ಸಿಆರ್‌ಪಿ ಯಾಕೆ ಅಂದರೆ ಮೈಯಲ್ಲಿ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ. ಕೊನೆಗೆ ಎಚ್‌ಬಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಪರೀಕ್ಷೆಗೆ ಕಳಿಸಿದೆವು: 5.2 ಶೇಕಡಾ. 3.5 ದಾಟಿದರೆ ಬೀಟಾ ಥಲಸ್ಸೀಮಿಯಾ ವಾಹಕ ಅಂತಲೇ ಯೋಚಿಸುತ್ತೇವೆ.

ನಡುವಿನ ಕೊಂಬೆ, ಗಾತ್ರ ಸರಿ ಇರುವುದು. ಇಲ್ಲಿ ರೆಟಿಕ್ಯುಲೋಸೈಟ್, ಅಂದರೆ ಮಜ್ಜೆಯಿಂದ ಹೊಸದಾಗಿ ಬಂದ ಎಳೆಯ ಕೆಂಪುಕಣಗಳ ಪ್ರಮಾಣ ಕೇಳಿ, ಆದರೆ ಸರಿಪಡಿಸಿದ ಅಂಕಿ ತಗೊಳ್ಳಿ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣದ ಪಾಲು, 45 ಸಾಮಾನ್ಯ; ಅದು 22 ಇರುವವರಿಗೆ 3 ಶೇಕಡಾ ಬಂದರೆ ಖುಷಿ ಪಡಬೇಡಿ, 3 × 22 ÷ 45 ಅಂದರೆ ಸುಮಾರು 1.5. ಮಜ್ಜೆ ತಕ್ಕಷ್ಟು ದುಡಿಯುತ್ತಿಲ್ಲ. ಮೂತ್ರಪಿಂಡ, ದೀರ್ಘಕಾಲದ ಕಾಯಿಲೆ, ಮಜ್ಜೆಯದೇ ತೊಂದರೆ ಹುಡುಕಿ. ನಿಜಕ್ಕೂ ಏರಿದ್ದರೆ ರಕ್ತಸ್ರಾವ, ಇಲ್ಲವೇ ಕಣ ಒಡೆಯುವುದು. ಆಗ ಕಣ ಒಡೆಯುತ್ತಿದೆಯಾ ಅಂತ ತಿಳಿಯಲು ಎಲ್‌ಡಿಎಚ್, ಬಿಲಿರುಬಿನ್, ಹ್ಯಾಪ್ಟೋಗ್ಲೋಬಿನ್ ಪರೀಕ್ಷೆ.

ಬಲಗಡೆಯದು ದೊಡ್ಡ ಕಣ: ಬಿ12, ಫೋಲೇಟ್, ಮದ್ಯ, ಲಿವರ್, ಥೈರಾಯ್ಡ್. ಬಿ12 ಕೊರತೆ ಇದೆಯೋ ಇಲ್ಲವೋ ಗೊತ್ತಾಗುವ ಮುನ್ನ ಬರೀ ಫೋಲಿಕ್ ಆಸಿಡ್ ಕೊಡಬೇಡಿ. ರಕ್ತ ಸುಧಾರಿಸುತ್ತದೆ, ನರ ಹಾಳಾಗುತ್ತಲೇ ಇರುತ್ತದೆ.

ಆ ಹೆಣ್ಣುಮಗಳ ಕಬ್ಬಿಣದ ಮಾತ್ರೆ ನಿಲ್ಲಿಸಿದೆವು. ಗಂಡನನ್ನೂ ಪರೀಕ್ಷೆಗೆ ಕರೆದಿದ್ದೇವೆ. ಅವರೂ ವಾಹಕರಾದರೆ ಪ್ರತಿ ಬಸಿರಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಗುರುವಾರ ರಿಪೋರ್ಟ್ ಬರುತ್ತದೆ.